ಅಮ್ಮ ಹೆಸರಲ್ಲಿ ಬೇಡ, ಅಡಿಬರಹದಲ್ಲಿ ಇರಲಿ: ಮನೆ ಬೇಕರಿಗೆ ಹೆಸರಿಟ್ಟ ನನ್ನ ಅನುಭವ

"ಅಮ್ಮ ಅನ್ನೋ ಪದ ಇಲ್ಲದೆ ಮನೆ ಬೇಕರಿಗೆ ಹೆಸರಾ? ಹೋಟೆಲಿನವರು ಅಂದ್ಕೋತಾರೆ ನೋಡಿ" ಅಂತ ನಮ್ಮ ಬೇಕರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಆದರೂ ನಾನು ಇಟ್ಟ ಹೆಸರು "ಸಂಜೆ ಡಬ್ಬಿ". ಈಗ ಅದೇ ಗುಂಪಿನವರು ಹೆಸರು ಹೇಗೆ ಹುಡುಕಿದ್ರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಹಿಟ್ಟು, ಓವನ್, ಆರ್ಡರ್ ಪುಸ್ತಕದ ವಿಷಯ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲು, ಬಿದ್ದುಹೋದ ಹೆಸರುಗಳು. "ಅಮ್ಮನ ಕೈರುಚಿ" ಕೇಳಲು ಚೆಂದ. ಆದರೆ ಆ ಹೆಸರು ಕೇಳಿದವರಿಗೆ ಬಿಸ್ಕತ್ತು ನೆನಪಾಗುವುದಿಲ್ಲ, ಹುಳಿಪುಡಿ, ಉಪ್ಪಿನಕಾಯಿ, ಮೆಸ್ಸಿನ ಊಟ ನೆನಪಾಗುತ್ತದೆ. "ತಿಂಗಳಿಗೆ ಊಟಕ್ಕೆ ಎಷ್ಟು?" ಅಂತ ಫೋನ್ ಬರುವ ಹೆಸರು ಬೇಕರಿಗೆ ಉಪಯೋಗವಿಲ್ಲ. ಮಗಳ ಹೆಸರಿಟ್ಟರೆ ಎರಡನೆಯ ಮಗು ಹುಟ್ಟಿದ ಮೇಲೆ ಮನೆಯಲ್ಲೇ ಪಂಚಾಯಿತಿ. ಬಡಾವಣೆಯ ಹೆಸರಿಟ್ಟರೆ ಬಾಡಿಗೆ ಮನೆ ಬದಲಾದ ದಿನ ಡಬ್ಬಿಗಳೆಲ್ಲ ಸುಳ್ಳು ಹೇಳತೊಡಗುತ್ತವೆ. ಇಂಗ್ಲಿಷ್ ಶ್ಲೇಷೆಯ ಹೆಸರುಗಳಂತೂ ಊರಿಗೆ ನಾಲ್ಕಿವೆ, ಮೇಲಾಗಿ ಅಜ್ಜಿಯರ ಬಾಯಿಗೆ ಹತ್ತುವುದಿಲ್ಲ. ನಿತ್ಯದ ಖಾರಾ ಬನ್ನು ಕೊಳ್ಳುವವರು ಅವರೇ ಅಲ್ಲವೇ?

ನನ್ನ ವಿಧಾನ ಇಷ್ಟೇ: ಹೆಸರನ್ನು ಬರೆದು ತೋರಿಸಬಾರದು, ಫೋನಿನಲ್ಲಿ ಒಮ್ಮೆ ಹೇಳಬೇಕು. "ಕೇಳಿಸಿದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್ ಮಾಡಿ" ಅನ್ನಬೇಕು. ಸುಮಾರು ಇಪ್ಪತ್ತು ಜನಕ್ಕೆ ಹೇಳಿದರೆ ಸಾಕು. ಬಂದ ಕಾಗುಣಿತಗಳನ್ನು ಒಂದರ ಕೆಳಗೊಂದು ಬರೆದರೆ ಹೆಸರಿನ ಜಾತಕ ಗೊತ್ತಾಗುತ್ತದೆ. ಯಾಕೆಂದರೆ ಬಾಯಿಮಾತಿನಲ್ಲಿ ಕೇಳಿದವರು ಇನ್‌ಸ್ಟಾಗ್ರಾಮಿನಲ್ಲಿ ಹುಡುಕುವುದು ಆ ಅಕ್ಷರಗಳಲ್ಲೇ. ಅಲ್ಲಿ ತಪ್ಪಿದರೆ ಇನ್ನೊಬ್ಬರ ಪುಟಕ್ಕೆ ಹೋಗಿ ಅಲ್ಲೇ ಆರ್ಡರ್ ಕೊಡುತ್ತಾರೆ.

"ಹೂರಣ" ನನಗೆ ತುಂಬ ಇಷ್ಟವಾಗಿದ್ದ ಹೆಸರು. ಫೋನಿನಲ್ಲಿ ಹೇಳಿದರೆ hoorana, hurana, hoorna, hoorana ಮುಂದೆ ಇನ್ನೊಂದು a, ಹೀಗೆ ಚೆಲ್ಲಾಪಿಲ್ಲಿ. "ಘಮ" ಅಂದರೆ ಅರ್ಧ ಜನ gama. "ಮಣೆ" ಅಂದರೆ mane, ಅದನ್ನು ಓದಿದವರಿಗೆ ಮನೆ. "ಒಲೆ"ಗೆ ole, vole ಎರಡೂ ಬಂದವು. ಇದರಿಂದ ತಿಳಿದದ್ದು: ದೀರ್ಘಸ್ವರ, ಮಹಾಪ್ರಾಣ, ಳ-ಲ ಮತ್ತು ಣ-ನ ವ್ಯತ್ಯಾಸ, ಮೊದಲಲ್ಲೇ ಎ ಅಥವಾ ಒ, ಇವು ಇರುವ ಹೆಸರು ಎಷ್ಟು ಸೊಗಸಾಗಿದ್ದರೂ ಒಡೆಯುತ್ತದೆ. ತ, ದ ಕೂಡ ಸ್ವಲ್ಪ ಅಪಾಯ, ನಮ್ಮ ಜನ t, th, d, dh ನಾಲ್ಕನ್ನೂ ಮನಸ್ಸಿಗೆ ಬಂದ ಹಾಗೆ ಹಾಕುತ್ತಾರೆ. ಬ, ಮ, ಸ, ಜ, ನ, ಟ, ಡ ಗಟ್ಟಿ ಕುಳಗಳು.

ಕೊನೆಯ ಸುತ್ತಿಗೆ ಎರಡು ಉಳಿದವು, "ಬನ್ ಬುಟ್ಟಿ" ಮತ್ತು "ಸಂಜೆ ಡಬ್ಬಿ". ಕಾಗುಣಿತದ ಪರೀಕ್ಷೆಯಲ್ಲಿ ಬನ್ ಬುಟ್ಟಿಯೇ ಗೆದ್ದಿತು, ಹೆಚ್ಚುಕಡಿಮೆ ಎಲ್ಲರೂ bunbutti ಅಂತಲೇ ಕಳಿಸಿದರು. ಆದರೂ ಅದನ್ನು ಬಿಟ್ಟೆ. ಕಾರಣ ಟ್ರೇಡ್‌ಮಾರ್ಕ್. ಬ್ರೆಡ್ಡು, ಕೇಕು, ಬಿಸ್ಕತ್ತು ಎಲ್ಲ ಬರುವುದು ಟ್ರೇಡ್‌ಮಾರ್ಕ್ ನೋಂದಣಿಯ ಸರಕುಪಟ್ಟಿಯಲ್ಲಿ 30ನೇ ವರ್ಗದಲ್ಲಿ. ಮಾರುವ ವಸ್ತುವನ್ನೇ ವರ್ಣಿಸುವ ಪದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯಿದೆಯ 9ನೇ ಸೆಕ್ಷನ್ ಅಡಿ ಆಕ್ಷೇಪಣೆ ಬರುತ್ತದೆ. ಬನ್ನು ಮಾರುವವಳು "ಬನ್ ನನ್ನದು" ಅನ್ನಲಾಗುವುದಿಲ್ಲ. ಅಯ್ಯಂಗಾರ್ ಬೇಕರಿ ಅನ್ನುವ ಹೆಸರನ್ನೇ ನೋಡಿ. ಬೀದಿಗೊಂದಿದೆ, ಎಲ್ಲರಿಗೂ ಗೊತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಬೇಕೆಂದಿಲ್ಲ. ಸಂಜೆ ಡಬ್ಬಿ ತಿಂಡಿಯನ್ನು ನೆನಪಿಸುತ್ತದೆ, ಆದರೆ ಯಾವ ತಿಂಡಿಯ ಹೆಸರನ್ನೂ ಹೇಳುವುದಿಲ್ಲ. ನಾಳೆ ಬಿಸ್ಕತ್ತು ಬಿಟ್ಟು ರಸ್ಕ್ ಮಾಡಿದರೂ ಹೆಸರು ಹಾಗೇ ನಡೆಯುತ್ತದೆ.

ಸಂಜೆ ಡಬ್ಬಿಯನ್ನೂ ಕೆಲವರು sanjedabba ಅಂತ ಕಳಿಸಿದ್ದರು. ಮತ್ತೆ ಮತ್ತೆ ಬರುವ ಆ ಒಂದೇ ತಪ್ಪು ಕಾಗುಣಿತದಲ್ಲೂ ಖಾತೆ ತೆರೆದು, "ನಾವು ಇಲ್ಲಿದ್ದೇವೆ" ಅಂತ ಸರಿಯಾದ ಖಾತೆಯ ಹೆಸರು ಬರೆದಿಟ್ಟರೆ ಮುಗಿಯಿತು, ಖರ್ಚಿಲ್ಲ. ಎರಡು ದಿನ ಬಿಟ್ಟು ಅದೇ ಜನಕ್ಕೆ ಮತ್ತೊಂದು ಪ್ರಶ್ನೆ ಕೇಳುತ್ತೇನೆ. ಹೆಸರು ನೆನಪಿದೆಯಾ ಅಂತಲ್ಲ, ಬೇರೆಯೇ ಪ್ರಶ್ನೆ. ಅದು ನನ್ನ ಹತ್ತಿರವೇ ಇರಲಿ.

ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹುಡುಕುವಾಗ ಪದ ಹಾಕಿ ನೋಡಿದರೆ ಸಾಲದು, ಉಚ್ಚಾರಣೆಯ ಹುಡುಕಾಟವನ್ನೂ ಮಾಡಿ, ಒಂದೊಂದು ಪದವನ್ನು ಬಿಡಿಬಿಡಿಯಾಗಿಯೂ ಹಾಕಿ. "ಅಮ್ಮ" ಹಾಕಿದರೆ ಪಟ್ಟಿ ಮುಗಿಯುವುದೇ ಇಲ್ಲ, ಆ ಜಾತ್ರೆಗೆ ನುಗ್ಗುವುದು ಬೇಡ ಅಂತ ನಿರ್ಧರಿಸಿದ್ದೇ ಅಲ್ಲಿ. ವ್ಯಕ್ತಿಯಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ, ವಕೀಲರ ಫೀ ಬೇರೆ. ಅರ್ಜಿ ಹಾಕಿದ ತಕ್ಷಣ TM ಬರೆದುಕೊಳ್ಳಬಹುದು. ವೃತ್ತದೊಳಗಿನ R ಮಾತ್ರ ನೋಂದಣಿ ಆಗುವವರೆಗೆ ಹಾಕಬೇಡಿ, ಅದು ಅಪರಾಧ.

ಈಗ ಅಡಿಬರಹ. ಹೆಸರು ಹೇಳದೆ ಬಿಟ್ಟ ಕೆಲಸವನ್ನು ಅದು ಮಾಡಬೇಕು. "ಪ್ರೀತಿ ಬೆರೆಸಿದ ರುಚಿ" ತರಹದ್ದನ್ನು ಸ್ಟಿಕ್ಕರಿನಲ್ಲಿ ಹಾಕಿ ನೋಡಿದೆ, ಒಬ್ಬರ ಬಾಯಲ್ಲೂ ಅದು ತಿರುಗಿ ಬರಲಿಲ್ಲ. "ಫ್ರೆಶ್" ಅನ್ನುವ ಪದದ ಮೇಲೂ ಕಣ್ಣಿರಲಿ. 2018ರ ಎಫ್‌ಎಸ್‌ಎಸ್‌ಎಐ ಜಾಹೀರಾತು ನಿಯಮಗಳ ಪ್ರಕಾರ ಆ ಪದ ತೊಳೆದ, ಸುಲಿದ, ತಂಪಾಗಿಟ್ಟಂಥ, ಹೆಚ್ಚು ಸಂಸ್ಕರಿಸದ ಪದಾರ್ಥಕ್ಕೆ ಮೀಸಲು, ಬೇಯಿಸಿದ ಕೇಕಿಗೆ ಸಲ್ಲುವುದಿಲ್ಲ. ಹೆಸರಿನಲ್ಲೇ ಪ್ಯೂರ್, ನ್ಯಾಚುರಲ್ ಇದ್ದು ಗಿರಾಕಿಯನ್ನು ದಾರಿ ತಪ್ಪಿಸುವಂತಿದ್ದರೆ "ಇದು ಬ್ರಾಂಡ್ ಹೆಸರು ಮಾತ್ರ" ಎಂಬ ಅರ್ಥದ ಸೂಚನೆಯನ್ನು ಕನಿಷ್ಠ 3 ಮಿ.ಮೀ. ಅಕ್ಷರದಲ್ಲಿ ಹಾಕಬೇಕು. ಪುಟ್ಟ ಸ್ಟಿಕ್ಕರಿನಲ್ಲಿ ಅದಕ್ಕೆ ಜಾಗವೆಲ್ಲಿ?

ನಮ್ಮೆಲ್ಲರಿಗೂ ಇರುವ ತಲೆನೋವು "ಇನ್ನೊಂದು ಗಂಟೇಲಿ ಕೇಕ್ ಸಿಗುತ್ತಾ?" ಅನ್ನುವ ಫೋನು. ಅಡಿಬರಹವೇ ಅದಕ್ಕೆ ಉತ್ತರ ಕೊಡಲಿ ಅಂತ ಹೊರಟಾಗ ಸಿಕ್ಕಿದ್ದು: "ನೀವು ಹೇಳಿದ ಮೇಲೇ ಅಮ್ಮ ಹಿಟ್ಟು ಕಲಸೋದು." ಅಮ್ಮ ಬಂದಳು, ಬೇಕರಿ ಅಂತ ಗೊತ್ತಾಯಿತು, ಹೊಸದಾಗಿ ಮಾಡಿದ್ದು ಅಂತ ಫ್ರೆಶ್ ಅನ್ನದೆಯೇ ಹೇಳಿದ ಹಾಗಾಯಿತು, ಮುಂಗಡ ಆರ್ಡರ್ ಬೇಕು ಅನ್ನುವುದೂ ಸೇರಿತು. ತುರ್ತಿನ ಫೋನುಗಳು ಸುಮಾರು ಅರ್ಧಕ್ಕೆ ಇಳಿದಿವೆ. "ಅಮ್ಮ ಹಿಟ್ಟು ಕಲಸಿದ್ರಾ?" ಅಂತ ಗಿರಾಕಿಗಳೇ ಮೆಸೇಜ್ ಮಾಡುತ್ತಾರೆ. ಇಷ್ಟು ಜಂಬ ಕೊಚ್ಚಿಕೊಳ್ಳಲು ಬಿಡಿ. "ಕಲಸುವುದು" ಅಂತ ಗ್ರಾಂಥಿಕವಾಗಿಯೂ ಒಂದು ಕಟ್ಟು ಮುದ್ರಿಸಿ ನೋಡಿದ್ದೆ, ಸರ್ಕಾರಿ ಪ್ರಕಟಣೆಯಂತೆ ಕಂಡಿತು.

ದುಡ್ಡಿನ ವಿಷಯಕ್ಕೆ ಬರೋಣ. ಹೆಸರು ನಿಲ್ಲುವವರೆಗೆ ಮುದ್ರಿತ ಡಬ್ಬಿ ಮಾಡಿಸಬೇಡಿ. ಕನಿಷ್ಠ ಐನೂರು ಕೇಳುತ್ತಾರೆ, ಸಾದಾ ಡಬ್ಬಿಗಿಂತ ಒಂದಕ್ಕೆ ಏಳೆಂಟು ರೂಪಾಯಿ ಹೆಚ್ಚು. ಹೆಸರು ಬದಲಾದರೆ ಮೂರೂವರೆ ನಾಲ್ಕು ಸಾವಿರ ಅಟ್ಟ ಸೇರುತ್ತದೆ. ಮುನ್ನೂರು ನಾನೂರಕ್ಕೆ ರಬ್ಬರ್ ಸ್ಟ್ಯಾಂಪು ಮಾಡಿಸಿ ಕಂದು ಡಬ್ಬಿಯ ಮೇಲೆ ಒತ್ತಿ. ಬೆಣ್ಣೆ ಬಿಸ್ಕತ್ತಿನ ಜಿಡ್ಡು ಡಬ್ಬಿಗೆ ಇಳಿದರೆ ಶಾಯಿ ಹರಡುತ್ತದೆ, ಅದಕ್ಕೆ ಒಳಗೆ ಬಟರ್ ಪೇಪರ್ ಹಾಸಬೇಕು, ಇಲ್ಲವೇ ಸ್ಟ್ಯಾಂಪನ್ನು ದಾರ ಕಟ್ಟಿದ ಚೀಟಿಯ ಮೇಲೆ ಒತ್ತಬೇಕು. ಸಣ್ಣ ಥರ್ಮಲ್ ಲೇಬಲ್ ಪ್ರಿಂಟರ್ ಇರುವವರು ಒಂದನ್ನು ಗಮನಿಸಿ. ಅವುಗಳಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ ಎಂಟೇ ಚುಕ್ಕೆ, ಅಡಿಬರಹವನ್ನು ತೀರ ಚಿಕ್ಕದು ಮಾಡಿದರೆ ಒತ್ತಕ್ಷರ ಮೊದಲು ಮಸಿಯಾಗುತ್ತದೆ. "ಅಮ್ಮ"ದ ಒತ್ತು, "ಹಿಟ್ಟು"ವಿನ ಒತ್ತು ಸ್ಪಷ್ಟವಾಗಿ ಬೇರೆ ಬೇರೆ ಕಾಣುವವರೆಗೆ ಅಕ್ಷರ ದೊಡ್ಡದು ಮಾಡಿ, ಬೇಕಾದರೆ ಎರಡು ಸಾಲಿಗೆ ಮುರಿಯಿರಿ. ಆ ಲೇಬಲ್ ಸುರುಳಿಯನ್ನು ಓವನ್ ಪಕ್ಕ ಇಡಬೇಡಿ, ಶಾಖಕ್ಕೆ ಕಾಗದವೇ ಕಪ್ಪಾಗುತ್ತದೆ.