ಕೊಪ್ಪೀಕರ್ ರಸ್ತೆಯ ಸ್ಟುಡಿಯೋದಲ್ಲಿ ಒಂದು ಸೆಕೆಂಡಿನ ಸರದಿ

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ, ಅಲ್ಲಿನ ನೆಟ್‌ವರ್ಕ್ ನಾನೇ ನೋಡಿಕೊಳ್ಳುತ್ತೇನೆ. ಲಗ್ನದ ಸೀಸನ್‌ನಲ್ಲಿ ಅವರ ಲಿನಕ್ಸ್ ಸ್ಟೋರೇಜ್ ಪೆಟ್ಟಿಗೆ ದಿನಾ ಸುಮಾರು 25 ಜಿಬಿ ವಿಡಿಯೋ ಹೊರಗೆ ಕಳಿಸುತ್ತದೆ. ಅಪ್‌ಲೋಡ್ ವೇಗ 8 ಎಂಬಿಪಿಎಸ್, ಅಂದರೆ ಏಳು ತಾಸಿನ ಕೆಲಸ. ಆ ಏಳು ತಾಸು ಗಿರಾಕಿಗಳ ಜೊತೆ ವಿಡಿಯೋ ಕಾಲ್ ಮಾಡುವಂತಿರಲಿಲ್ಲ. ಮಾಲೀಕರು ಫೋನ್ ಮಾಡಿ, "ಸರ್, ಸ್ಪೀಡ್ ಟೆಸ್ಟ್ ಛಲೋ ತೋರಸ್ತೈತಿ, ಮಾತು ಮಾತ್ರ ಕಡದು ಕಡದು ಬರಾಕತ್ತೈತ್ರಿ" ಅಂದರು. ಇಂಟರ್ನೆಟ್ ಕೊಟ್ಟವರೂ ಅದೇ ಸ್ಪೀಡ್ ಟೆಸ್ಟ್ ತೋರಿಸಿ ಕೈ ತೊಳೆದುಕೊಂಡಿದ್ದರು.

ನಾನು ಹೋಗಿ ಮೊದಲು ಪಿಂಗ್ ಹಚ್ಚಿದೆ. ಅಪ್‌ಲೋಡ್ ನಿಲ್ಲಿಸಿದಾಗ ಪ್ಯಾಕೆಟ್ ಹೋಗಿಬರಲು 20 ಮಿಲಿಸೆಕೆಂಡ್. ಶುರು ಮಾಡಿದ ಮೇಲೆ ಮೆಲ್ಲಗೆ ಏರುತ್ತ ಏರುತ್ತ 1000 ದಾಟಿತು, ಆಮೇಲೆ ಸುಮಾರು 700ಕ್ಕೆ ಇಳಿದು ಮತ್ತೆ ಏರತೊಡಗಿತು. ಪ್ಯಾಕೆಟ್ ಕಳೆದದ್ದು ಬಹಳ ಕಡಿಮೆ. ಸ್ಟೋರೇಜ್ ಪೆಟ್ಟಿಗೆಯಲ್ಲಿ `ss -ti` ಹೊಡೆದರೆ, ಎಷ್ಟು ಕಳಿಸಬೇಕೆಂದು ನಿರ್ಧರಿಸುವ ಪದ್ಧತಿ `cubic`; ಉತ್ತರ ಬರುವ ಮುನ್ನ ದಾರಿಗೆ ಬಿಡಬಹುದಾದ ಪ್ಯಾಕೆಟ್‌ಗಳ ಕಿಟಕಿ, ಅಂದರೆ `cwnd`, 700ರ ಆಸುಪಾಸು; ಹೋಗಿಬರುವ ಸಮಯ `rtt` ಒಂದು ಸೆಕೆಂಡ್.

ಕಿಟಕಿಯ ಆ 700ರಲ್ಲೇ ಎಲ್ಲ ಇತ್ತು. 8 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 1 ಎಂಬಿ. ಹೋಗಿಬರಲು 20 ಮಿಲಿಸೆಕೆಂಡ್ ಸಾಕಾಗುವ ದಾರಿ ತುಂಬಲು 20 ಕೆಬಿ, ಅಂದರೆ ಹದಿನಾಲ್ಕು ಪ್ಯಾಕೆಟ್ ಇದ್ದರಾಯಿತು. ಉಳಿದ ಏಳುನೂರರಷ್ಟು ಪ್ಯಾಕೆಟ್ ಎಲ್ಲಿದ್ದವು? ಇಂಟರ್ನೆಟ್ ತರುವ, ಚಾವಣಿಯ ಮೇಲಿನ ರೇಡಿಯೋ ಪೆಟ್ಟಿಗೆಯ ಬಫರ್‌ನಲ್ಲಿ ಪಾಳಿ ಹಚ್ಚಿ ನಿಂತಿದ್ದವು. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಕಟ್ಟೆ ಸಣ್ಣದಿದ್ದರೆ ಗಿರಣಿಯವ "ಇನ್ನ ಸಾಕ್ರಿ" ಎಂದು ಬೇಗ ಅನ್ನುತ್ತಾನೆ. ಕಟ್ಟೆ ದೊಡ್ಡದಾದಷ್ಟೂ ಚೀಲ ಇಳಿಸಿಕೊಳ್ಳುತ್ತಲೇ ಇರುತ್ತಾನೆ, ಬೀಸುವ ಕಲ್ಲು ಮಾತ್ರ ಒಂದೇ. ಒಂದು ಸೇರು ಜೋಳ ತಂದವನೂ ಚೀಲಗಳ ಹಿಂದೆಯೇ ನಿಲ್ಲಬೇಕು. ಮಾತಿನ ಪ್ಯಾಕೆಟ್‌ಗೆ ಆದದ್ದು ಅದೇ.

ಕ್ಯೂಬಿಕ್‌ಗೆ ಪ್ಯಾಕೆಟ್ ಕಳೆದರಷ್ಟೇ ದಟ್ಟಣೆ ಗೊತ್ತಾಗುವುದು. ಬಫರ್ ತುಂಬಿ ಚೆಲ್ಲುವವರೆಗೂ ಅದು ಏರಿಸುತ್ತಲೇ ಹೋಗುತ್ತದೆ. ಚೆಲ್ಲಿದಾಗಲೂ ಕಿಟಕಿಯನ್ನು ಶೇಕಡಾ 30 ಮಾತ್ರ ಇಳಿಸುತ್ತದೆ. 700ರಿಂದ 490ಕ್ಕೆ ಬಂದರೂ ಬೇಕಾದದ್ದು 14, ಹಾಗಾಗಿ ಸರದಿ ಖಾಲಿಯಾಗುವುದೇ ಇಲ್ಲ. ಪಿಂಗ್ 700ಕ್ಕಿಂತ ಕೆಳಗಿಳಿಯದ ಗುಟ್ಟು ಅದು.

2016ರಲ್ಲಿ ಗೂಗಲ್‌ನವರು ಹೊರತಂದ ಬಿಬಿಆರ್ ಬೇರೆ ಲೆಕ್ಕ ಹಿಡಿಯುತ್ತದೆ. ದಾರಿಯ ಗರಿಷ್ಠ ವೇಗ ಎಷ್ಟು, ಸರದಿ ಇಲ್ಲದಾಗಿನ ಕನಿಷ್ಠ ಸಮಯ ಎಷ್ಟು ಎಂದು ತಾನೇ ಅಳೆದು, ಆ ವೇಗಕ್ಕೆ ತಕ್ಕಂತೆ ಬಿಡುತ್ತದೆ. ಹಾಕಿ ನೋಡಿದೆ:

```
sysctl -w net.core.default_qdisc=fq
sysctl -w net.ipv4.tcp_congestion_control=bbr
```

ಅಪ್‌ಲೋಡ್ ಮತ್ತೆ ಶುರು ಮಾಡಿದಾಗ `cwnd` 30ರ ಹತ್ತಿರ, ಪಿಂಗ್ 40ರ ಸುತ್ತ. ವೇಗ ಮೊದಲಿನಷ್ಟೇ. ಗೆದ್ದೆ ಅಂದುಕೊಂಡು ಚಹಾ ಕುಡಿಯಲು ಹೋದೆ.

ಬರುವಷ್ಟರಲ್ಲಿ ಎಡಿಟಿಂಗ್ ಮಾಡುವ ಹುಡುಗ ತನ್ನ ವಿಂಡೋಸ್ ಗಣಕದಿಂದ ಒಂದು ಕಡತ ಏರಿಸಲು ಹಚ್ಚಿದ್ದ. ಅದರಲ್ಲಿರುವುದು ಕ್ಯೂಬಿಕ್. ಬಫರ್ ಮತ್ತೆ ತುಂಬಿ, ಪಿಂಗ್ ಮತ್ತೆ ಸಾವಿರ. ಇನ್ನೊಂದು ಪೆಟ್ಟು ಬಿಬಿಆರ್‌ಗೇ ಬಿತ್ತು: ಅದು ತನ್ನ ಸಣ್ಣ ಕಿಟಕಿಯ ಮಿತಿ ದಾಟಲಿಲ್ಲ, ಕ್ಯೂಬಿಕ್ ನೂರಾರು ಪ್ಯಾಕೆಟ್ ತುರುಕಿ ಲೈನಿನ ಬಹುಪಾಲು ನುಂಗಿತು. ಸ್ಟೋರೇಜ್ ಪೆಟ್ಟಿಗೆಯ ಅಪ್‌ಲೋಡ್ ತೆವಳತೊಡಗಿತು. ಒಬ್ಬ ಸಭ್ಯನಾದರೆ ಸರದಿ ಸಣ್ಣದಾಗದು ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ರೇಡಿಯೋ ಪೆಟ್ಟಿಗೆ ನನ್ನ ಕೈಯಲ್ಲಿಲ್ಲ, ಅದರ ಬಫರ್ ಕಿರಿದು ಮಾಡುವ ಹಾಗಿಲ್ಲ. ಆದರೆ ಸರದಿಯನ್ನು ಅಲ್ಲಿಂದ ನಮ್ಮ ಓಪನ್‌ಡಬ್ಲ್ಯುಆರ್‌ಟಿ ರೌಟರ್‌ಗೆ ಎಳೆದು ತರಬಹುದಿತ್ತು. ರೌಟರ್ ಲೈನಿಗಿಂತ ತುಸು ನಿಧಾನ ಕಳಿಸಿದರೆ ಮೇಲೆ ಏನೂ ಗುಡ್ಡೆ ಬೀಳುವುದಿಲ್ಲ.

```
tc qdisc replace dev eth1 root cake bandwidth 7500kbit
```

ಕೇಕ್ ಎಂಬ ಈ ಸರದಿ ವ್ಯವಸ್ಥೆ ಪ್ರತಿ ಹರಿವಿಗೂ ಬೇರೆ ಸಾಲು ಕೊಟ್ಟು ಸರದಿಯಂತೆ ಬಿಡುತ್ತದೆ. ಬಹಳ ಹೊತ್ತು ನಿಂತ ಸಾಲಿನಿಂದ ಬೇಗನೆ ಪ್ಯಾಕೆಟ್ ಕೆಡವುತ್ತದೆ, ಹಾಗಾಗಿ ಕ್ಯೂಬಿಕ್‌ಗೂ ಸುದ್ದಿ ಬೇಗ ಮುಟ್ಟುತ್ತದೆ. ಅರ್ಧ ಎಂಬಿಪಿಎಸ್ ಬಿಟ್ಟುಕೊಟ್ಟದ್ದಕ್ಕೆ ಎರಡೂ ಅಪ್‌ಲೋಡ್ ನಡೆದಾಗ ಪಿಂಗ್ 25ರಿಂದ 30ರೊಳಗೆ ನಿಂತಿತು. ಮಾಲೀಕರಿಗೆ ಈ ಅರ್ಧ ಕಡಿತ ಒಪ್ಪಿಸುವುದೇ ಕಷ್ಟವಾಯಿತು ಅನ್ನಿ. "ದುಡ್ಡು ಎಂಟಕ್ಕ ಕೊಟ್ಟೇವ್ರಿ!"

ಮಳೆಗಾಲ ಬಂದಾಗ ಒಂದು ಸಂಜೆ ಪಿಂಗ್ ಮತ್ತೆ ಏರಿತು. ಜೋರು ಮಳೆಗೆ ರೇಡಿಯೋ ಲಿಂಕ್ 6 ಎಂಬಿಪಿಎಸ್‌ಗೆ ಕುಸಿದಿತ್ತು, ನಾನು 7.5 ತಳ್ಳುತ್ತಿದ್ದೆ, ಸರದಿ ತಿರುಗಿ ಚಾವಣಿ ಏರಿ ಕೂತಿತ್ತು. ಈಗ ಜೂನ್ ತಿಂಗಳು ಬಂತೆಂದರೆ `5500kbit` ಬರೆಯುತ್ತೇನೆ.