ಪಲ್ಲವಿಯ ಮೇಲೆ ಎರಡು ದನಿ ಕೂರಿಸಿದ್ದು

ನಾನೇ ಬರೆದ ಒಂದು ಹಾಡಿನ ಪಲ್ಲವಿಗೆ ಮನೆಯಲ್ಲೇ ಹಾರ್ಮನಿ ಹಾಡಿ ಸೇರಿಸಿದೆ. ಶ್ರುತಿ ಡಿ, ಸ್ಕೇಲ್ ಮೇಜರ್, ಅಂದರೆ ಶಂಕರಾಭರಣದ ಸ್ವರಗಳು. ಲೀಡ್ ಸಾಲು ಗ ಗ ಮ ಪ. ಕೊನೆಯ ಪ ಮೇಲೆ ದನಿ ಪೂರ್ತಿ ಒಂದು ಬಾರ್ ನಿಲ್ಲುತ್ತದೆ. ಕೆಳಗೆ ಡಿ ಮೇಜರ್ ಕಾರ್ಡ್, ಅದರಲ್ಲಿರುವುದು ಸ, ಗ, ಪ.

ಮೊದಲು ಥರ್ಡ್ ನೋಡಿದೆ. ಲೀಡ್ ಸ್ವರದಿಂದ ಎಣಿಸಿ ಮೂರನೆಯದು. ಗ ಇದ್ದಲ್ಲಿ ಪ, ಮ ಇದ್ದಲ್ಲಿ ದ. ಇಲ್ಲಿಯವರೆಗೆ ಸರಿ. ಆದರೆ ಪ ಮೇಲೆ ಬರುವುದು ನಿ. ಅದು ಕಾರ್ಡ್‌ನಲ್ಲಿಲ್ಲ, ಸ ಪಕ್ಕದಲ್ಲೇ ಕೂತು ತಿಕ್ಕಾಡುತ್ತದೆ. ಸರ್ರನೆ ಹಾದುಹೋಗುವ ಸ್ವರವಾದರೆ ಯಾರಿಗೂ ಗೊತ್ತಾಗಲ್ಲ. ಇಡೀ ಬಾರ್ ಹಿಡಿದರೆ ಪಲ್ಲವಿ ಮುಗಿದಂತೆಯೇ ಅನ್ನಿಸುವುದಿಲ್ಲ. ಹಾಗಾಗಿ ನಿ ಬಿಟ್ಟು ಮೇಲಿನ ಸ ಹಾಡಿದೆ. ಲೆಕ್ಕಕ್ಕೆ ಅದು ಥರ್ಡ್ ಅಲ್ಲ, ಫೋರ್ತ್. ಕಿವಿಗೆ ಹಿತವಾಗಿದ್ದರೆ ಸಾಕು, ಅಲ್ವಾ?

ಎರಡನೇ ದನಿಗೆ ಸಿಕ್ಸ್ತ್. ಗ ಮೇಲೆ ತಾರಸ್ಥಾಯಿಯ ಸ, ಮ ಮೇಲೆ ರಿ, ಪ ಮೇಲೆ ಗ. ಸ ಸ ರಿ ಗ ಅಂತ ಸಲೀಸಾಗಿ ಹತ್ತುತ್ತದೆ. ಕೊನೆಯಲ್ಲಿ ಮೂರೂ ದನಿ ಸೇರಿದಾಗ ಪ, ಸ, ಗ ಸಿಕ್ಕಿ ಕಾರ್ಡ್ ಪೂರ್ತಿ ತುಂಬಿತು. ಲೀಡ್ ಕಾರ್ಡ್‌ನ ಪಂಚಮದ ಮೇಲೆ ನಿಂತಾಗ ನಾನು ಸಿಕ್ಸ್ತ್ ಕಡೆಗೇ ಹೋಗುವುದು ಇದಕ್ಕೇ. ಲೀಡ್ ಸ ಮೇಲೆ ನಿಂತರೆ ಉಲ್ಟಾ: ಸಿಕ್ಸ್ತ್ ದ ಆಗಿ ಕಾರ್ಡ್ ಬಿಟ್ಟು ಹೊರಗೆ ಹೋಗುತ್ತದೆ, ಅಲ್ಲಿ ಥರ್ಡ್ ಸರಿ. ಗ ಮೇಲೆ ಎರಡೂ ನಡೆಯುತ್ತವೆ.

ಮೇಲಿನ ಗ ನನಗೆ ಎತ್ತರವೇ. ಜೋರಾಗಿ ಹಾಡಿದರೆ ಅದೇ ಲೀಡ್ ಥರ ಕೇಳಿಸುತ್ತದೆ. ಮೈಕ್ ಹತ್ತಿರ ನಿಂತು, ಉಸಿರು ಜಾಸ್ತಿ ಬಿಟ್ಟು, ಮೆತ್ತಗೆ ಹಾಡಿದೆ. ಅದೂ ಆಗದವರು ಒಂದು ಸ್ಥಾಯಿ ಇಳಿಸಿ ಹಾಡಬಹುದು. ಆಗ ಅದು ಲೀಡ್‌ನ ಕೆಳಗಿನ ಥರ್ಡ್ ಆಗುತ್ತದೆ. ತುಂಬಿದ ಹಾಗೆ ಇರುತ್ತದೆ, ಆದರೆ ಮೇಲಿನ ಹೊಳಪು ಸಿಗುವುದಿಲ್ಲ.

ನಮ್ಮ ಹಾಡುಗಾರಿಕೆಯಲ್ಲಿ ತೊಂದರೆ ಕೊಡುವುದು ಗಮಕ. ಲೀಡ್ ಮ ಮೇಲೆ ಸಣ್ಣಗೆ ತೂಗುತ್ತದೆ. ಹಾರ್ಮನಿಯೂ ತೂಗಿದರೆ ಎರಡರ ನಡುವಿನ ಅಂತರ ಕ್ಷಣಕ್ಷಣಕ್ಕೂ ಬದಲಾಗಿ, ಅಪಸ್ವರದಂತೆ ಕೇಳುತ್ತದೆ. ಅದಕ್ಕೇ ಹಾರ್ಮನಿಯನ್ನು ನೇರವಾಗಿ ನಿಲ್ಲಿಸಿ ಹಾಡಿದೆ, ಗಮಕವನ್ನು ಲೀಡ್‌ಗೆ ಬಿಟ್ಟೆ.

ಪ್ರತಿ ಹಾರ್ಮನಿಯನ್ನೂ ಎರಡು ಸಲ ಬೇರೆಬೇರೆಯಾಗಿ ಹಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿದೆ. ಒಂದೇ ಟೇಕ್ ಕಾಪಿ ಮಾಡಿದರೆ ಈ ಅಗಲ ಬರಲ್ಲ, ಸುಮ್ನೆ ಸದ್ದು ಹೆಚ್ಚುತ್ತದೆ. ಐದು ಟ್ರ್ಯಾಕ್‌ನಲ್ಲೂ ‘ಸ’, ‘ಚ’ ಅಕ್ಷರಗಳು ಒಟ್ಟಿಗೆ ಬಂದು ಚುಚ್ಚುತ್ತಿದ್ದವು. ಹಾರ್ಮನಿಗಳಲ್ಲಿ ಅವುಗಳ ವಾಲ್ಯೂಮ್ ಇಳಿಸಿದೆ. ಆಮೇಲೆ ಹಾರ್ಮನಿಗಳನ್ನೆಲ್ಲ ಲೀಡ್‌ಗಿಂತ ಸುಮಾರು 8 ಡಿಬಿ ಕೆಳಗಿಟ್ಟೆ. ಮೊದಲ ಪಲ್ಲವಿಗೆ ಥರ್ಡ್ ಮಾತ್ರ, ಸಿಕ್ಸ್ತ್ ಕೊನೆಯದಕ್ಕೆ.