ಅದೇ ರ‍್ಯಾಂಕ್, ಅದೇ ಆರು ಚೀಟಿ, ಮೂರು ಬೇರೆ ಸೀಟು: ಸಿಇಟಿ ಆಪ್ಷನ್ ಎಂಟ್ರಿ ಮಾಡುವುದು ಹೇಗೆ?

ಪ್ರತಿ ವರ್ಷ ಸಿಇಟಿ ರ‍್ಯಾಂಕ್ ಬಂದ ಮೇಲೆ ನಮ್ಮ ಮನೆಗೆ ನಾಲ್ಕಾರು ಮಕ್ಕಳು ಅಪ್ಪ ಅಮ್ಮನ ಜೊತೆ ಬರುತ್ತಾರೆ. ಕೈಯಲ್ಲಿ ಒಂದು ಉದ್ದದ ನೋಟ್‌ಬುಕ್, ಮೊಬೈಲಿನಲ್ಲಿ ಹೋದ ವರ್ಷದ ಕಟಾಫ್ ಪಟ್ಟಿ. ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಕ್ರಮವಾಗಿ ಪಟ್ಟಿ ಮಾಡಿಕೊಡುವ ಆಪ್ಷನ್ ಎಂಟ್ರಿಯ ಬಗ್ಗೆ ಎಲ್ಲರೂ ಕೇಳುವುದು ಒಂದೇ ಮಾತು: "ಮೇಷ್ಟ್ರೇ, ನಮ್ಮ ರ‍್ಯಾಂಕಿಗೆ ಸಿಗೋದನ್ನ ಮೇಲೆ ಹಾಕೋಣ್ವಾ? ಇಲ್ಲಾಂದ್ರೆ ಅದೂ ಕೈ ತಪ್ಪಿಬಿಟ್ರೆ?"

ಈ ಭಯ ನಿಜವಾದದ್ದು, ಆದರೆ ಅದಕ್ಕೆ ಕಾರಣ ಇಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ನಾವೆಲ್ಲ ಕೆಇಎ ಅನ್ನುವ ಸಂಸ್ಥೆ, ಸೀಟು ಹಂಚುವ ರೀತಿ ಒಮ್ಮೆ ಅರ್ಥವಾದರೆ ಇದು ತಾನಾಗೇ ಹೋಗುತ್ತದೆ.

ಕಂಪ್ಯೂಟರ್ ಸೀಟು ಕೊಡುವುದು ಹೀಗೆ

ಮೊದಲು 1ನೇ ರ‍್ಯಾಂಕಿನವರ ಪಟ್ಟಿ ತೆರೆಯುತ್ತದೆ. ಅವರ ಮೊದಲ ಆಪ್ಷನ್‌ನಲ್ಲಿ ಸೀಟು ಇದೆಯಾ ಎಂದು ನೋಡುತ್ತದೆ. ಇದ್ದರೆ ಕೊಟ್ಟು 2ನೇ ರ‍್ಯಾಂಕಿನವರಿಗೆ ಬರುತ್ತದೆ. ಹೀಗೇ ಒಬ್ಬೊಬ್ಬರದೇ ಮುಗಿಸುತ್ತಾ ನಿಮ್ಮ ರ‍್ಯಾಂಕಿಗೆ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. 1ನೇ ಆಪ್ಷನ್‌ನಲ್ಲಿ ಸೀಟು ಮುಗಿದಿದೆಯಾ? 2ಕ್ಕೆ ಹೋಗು. ಅದೂ ಇಲ್ಲವಾ? 3ಕ್ಕೆ. ಸೀಟು ಉಳಿದಿರುವ ಮೊದಲ ಆಪ್ಷನ್ ಸಿಕ್ಕ ಕೂಡಲೇ ಅದನ್ನು ನಿಮ್ಮ ಹೆಸರಿಗೆ ಬರೆದು ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ನೀವು ಏನು ಬರೆದಿದ್ದೀರಿ ಎಂದು ನೋಡುವುದೇ ಇಲ್ಲ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ನೀವು ಒಂದು ಕಾಲೇಜನ್ನು 1ನೇ ಆಪ್ಷನ್ ಮಾಡಿದಿರಿ ಅಂತ ಅಲ್ಲಿ ನಿಮಗೆ ಹೆಚ್ಚಿನ ಹಕ್ಕು ಬರುವುದಿಲ್ಲ. ನಿಮಗಿಂತ ಮುಂದಿನ ರ‍್ಯಾಂಕಿನವರು ಅದನ್ನೇ 40ನೇ ಆಪ್ಷನ್ ಮಾಡಿದ್ದರೂ, ಅವರ ಪಟ್ಟಿ ಅಲ್ಲಿಗೆ ಬಂದು ನಿಂತರೆ ಸೀಟು ಅವರದೇ. ಎರಡು, ಸಿಗುವುದು ಕಷ್ಟ ಅನ್ನಿಸುವ ಹತ್ತು ಕಾಲೇಜನ್ನು ಮೇಲೆ ಬರೆದರೂ ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಆ ಹತ್ತನ್ನೂ ದಾಟಿ ನಿಮ್ಮ 11ನೆಯದಕ್ಕೆ ಬರುವಾಗಲೂ ನಿಮ್ಮ ಹಿಂದಿನ ರ‍್ಯಾಂಕಿನವರ ಸರದಿ ಇನ್ನೂ ಬಂದಿರುವುದಿಲ್ಲ.

ಅಂದರೆ ಯಾವ ಸೀಟು ನಿಮ್ಮ ಕೈಗೆ ಎಟುಕುತ್ತದೆ ಎನ್ನುವುದು ರ‍್ಯಾಂಕಿನ ಮೇಲೆ ನಿಂತಿದೆ. ಎಟುಕುವ ಸೀಟುಗಳಲ್ಲಿ ಯಾವುದು ನಿಮಗೆ ಬರಬೇಕು ಎನ್ನುವುದಷ್ಟೇ ನಿಮ್ಮ ಕ್ರಮಕ್ಕೆ ಬಿಟ್ಟಿದ್ದು.

ಮೊದಲು ಚೀಟಿ ಬರೆಯಿರಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ನಾನು ಮಕ್ಕಳ ಕೈಲಿ ಚೀಟಿ ಬರೆಸುತ್ತೇನೆ. ಒಂದು ಚೀಟಿಯಲ್ಲಿ ಒಂದು ಕಾಲೇಜು, ಒಂದು ಬ್ರಾಂಚ್. ಅದೇ ಕಾಲೇಜಿನ ಇನ್ನೊಂದು ಬ್ರಾಂಚ್‌ಗೆ ಬೇರೆ ಚೀಟಿ. ಕೆಇಎ ಪರದೆಯಲ್ಲಿ ಆಪ್ಷನ್ ಅಂದರೆ ಬರೀ ಕಾಲೇಜಲ್ಲ, ಬರೀ ಬ್ರಾಂಚೂ ಅಲ್ಲ, ಎರಡೂ ಸೇರಿದ ಜೋಡಿ. ಪರದೆಯಲ್ಲಿ ಕಾಣುವ ವಾರ್ಷಿಕ ಶುಲ್ಕವನ್ನೂ ಚೀಟಿಯ ಮೂಲೆಯಲ್ಲಿ ಬರೆದುಕೊಳ್ಳಿ. ಕೆಲವು ಕಾಲೇಜುಗಳಲ್ಲಿ ಅನುದಾನಿತ ಸೀಟೂ ಅನುದಾನರಹಿತ ಸೀಟೂ ಬೇರೆ ಬೇರೆ ಇರುತ್ತವೆ. ಹೆಸರು ಒಂದೇ, ಶುಲ್ಕ ಮಾತ್ರ ಬೇರೆ.

ಆಮೇಲೆ ಕಟಾಫ್, ಅಂದರೆ ಹೋದ ವರ್ಷ ಆ ಸೀಟು ಕೊನೆಗೆ ಎಷ್ಟನೇ ರ‍್ಯಾಂಕಿನವರಿಗೆ ಸಿಕ್ಕಿತು ಎನ್ನುವುದನ್ನು ಬರೆಯಿರಿ. ಇಲ್ಲಿ ಹಲವರು ಎಡವುತ್ತಾರೆ. ಕಟಾಫ್ ಪಟ್ಟಿಯಲ್ಲಿ GM, 2AG, 2AR, 3BG ಹೀಗೆ ತುಂಬಾ ಕಾಲಂಗಳಿವೆ. GM ಅಂದರೆ ಎಲ್ಲ ವರ್ಗದವರಿಗೂ ತೆರೆದ ಸಾಮಾನ್ಯ ಸೀಟು, 2A, 3B ಅಂದರೆ ಮೀಸಲಾತಿ ವರ್ಗಗಳು. ಕೊನೆಯ ಅಕ್ಷರ G ಇದ್ದರೆ ಆ ವರ್ಗದ ಸಾಮಾನ್ಯ ಸೀಟು, R ಇದ್ದರೆ ಗ್ರಾಮೀಣ, K ಇದ್ದರೆ ಕನ್ನಡ ಮಾಧ್ಯಮ. 2A ವರ್ಗದ, ಹಳ್ಳಿಯಲ್ಲಿ 1ರಿಂದ 10ನೇ ತರಗತಿ ಓದಿ ಗ್ರಾಮೀಣ ಮೀಸಲಾತಿ ಪಡೆದ ಹುಡುಗಿಗೆ GM, GMR, 2AG, 2AR ನಾಲ್ಕೂ ಕಾಲಂ ತೆರೆದಿರುತ್ತವೆ. ಇವುಗಳಲ್ಲಿ ಅತಿ ಹಿಂದಿನ ರ‍್ಯಾಂಕಿಗೆ ಮುಗಿದದ್ದನ್ನು ಬರೆದುಕೊಳ್ಳಬೇಕು. ಬರೀ GM ನೋಡಿ "ನನಗೆ ಸಿಗಲ್ಲ" ಎಂದು ಒಳ್ಳೆಯ ಕಾಲೇಜನ್ನೇ ಬಿಟ್ಟುಬಿಡುವ ಮಕ್ಕಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಆರು ಚೀಟಿಯ ಲೆಕ್ಕ

ಒಬ್ಬ ಹುಡುಗಿಯ ರ‍್ಯಾಂಕ್ 18,400 ಅಂದುಕೊಳ್ಳಿ. ಅವಳ ಊರು ಹಾಸನದ ಕಡೆ. ಅವಳ ಹತ್ತಿರ ಆರು ಚೀಟಿ ಇವೆ. ಈ ಕಟಾಫ್‌ಗಳು ಲೆಕ್ಕಕ್ಕಾಗಿ ನಾನೇ ಇಟ್ಟಿದ್ದು, ಯಾವ ಕಾಲೇಜಿನದೂ ಅಲ್ಲ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ 3,000ಕ್ಕೆ ಮುಗಿಯುತ್ತದೆ, ಎಲೆಕ್ಟ್ರಾನಿಕ್ಸ್ 9,000ಕ್ಕೆ, ಸಿವಿಲ್ 40,000ಕ್ಕೆ. ಮೈಸೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ 16,000ಕ್ಕೆ, ಎಲೆಕ್ಟ್ರಾನಿಕ್ಸ್ 22,000ಕ್ಕೆ. ಹಾಸನದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ 30,000ಕ್ಕೆ.

ಅವಳ ಅಪ್ಪನಿಗೆ ಕಾಲೇಜಿನ ಹೆಸರೇ ದೊಡ್ಡದು. ಬೆಂಗಳೂರಿನ ಮೂರನ್ನೂ ಮೇಲೆ ಇಡುತ್ತಾರೆ, ಆಮೇಲೆ ಮೈಸೂರು, ಕೊನೆಗೆ ಹಾಸನ. ಪಟ್ಟಿ ಓದಿದರೆ ಬೆಂಗಳೂರಿನ ಕಂಪ್ಯೂಟರ್ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ, ಸಿವಿಲ್ ಇದೆ. ಅಲ್ಲಿಗೆ ನಿಂತಿತು. ಸಿವಿಲ್ ಓದುವ ಮನಸ್ಸು ಅವಳಿಗೆ ಒಂದಿಷ್ಟೂ ಇಲ್ಲ.

ಅಣ್ಣನಿಗೆ ಬ್ರಾಂಚೇ ಮುಖ್ಯ. ಅವನು ಮೂರೂ ಕಂಪ್ಯೂಟರ್ ಚೀಟಿಗಳನ್ನು ಮೊದಲು ಇಡುತ್ತಾನೆ. ಬೆಂಗಳೂರು ಇಲ್ಲ, ಮೈಸೂರು ಇಲ್ಲ, ಹಾಸನ ಇದೆ. ಹಾಸನದ ಕಂಪ್ಯೂಟರ್ ಸೈನ್ಸ್ ಬಂತು.

ಮೂರನೇ ಸಲ ಹುಡುಗಿಯೇ ನೆಲದ ಮೇಲೆ ಚೀಟಿ ಹರಡಿಕೊಂಡು ಕೂತಳು ಅಂದುಕೊಳ್ಳಿ. ಎರಡೆರಡು ಚೀಟಿ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳಬೇಕು: "ಇವತ್ತು ಈ ಎರಡೂ ಸೀಟು ನಿನ್ನ ಕೈಲಿದ್ದರೆ ಯಾವುದು ಇಟ್ಟುಕೊಳ್ತೀಯ?" ಮೈಸೂರಿನ ಎಲೆಕ್ಟ್ರಾನಿಕ್ಸಾ, ಹಾಸನದ ಕಂಪ್ಯೂಟರಾ? ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂದಳು. ಹಾಸನದ ಕಂಪ್ಯೂಟರಾ, ಬೆಂಗಳೂರಿನ ಸಿವಿಲ್ಲಾ? ಹಾಸನ. ಹೀಗೆ ಚೀಟಿಗಳು ಮೇಲೆ ಕೆಳಗೆ ಆಗುತ್ತಾ ಹೋಗಿ ಬೆಂಗಳೂರಿನ ಕಂಪ್ಯೂಟರ್, ಬೆಂಗಳೂರಿನ ಎಲೆಕ್ಟ್ರಾನಿಕ್ಸ್, ಮೈಸೂರಿನ ಕಂಪ್ಯೂಟರ್, ಮೈಸೂರಿನ ಎಲೆಕ್ಟ್ರಾನಿಕ್ಸ್, ಹಾಸನದ ಕಂಪ್ಯೂಟರ್, ಬೆಂಗಳೂರಿನ ಸಿವಿಲ್ ಎಂದು ಕೂತವು. ಈಗ ಓದಿದರೆ ಮೊದಲ ಮೂರು ಇಲ್ಲ, ನಾಲ್ಕನೆಯದು ಇದೆ. ಮೈಸೂರಿನ ಎಲೆಕ್ಟ್ರಾನಿಕ್ಸ್.

ರ‍್ಯಾಂಕ್ ಬದಲಾಗಲಿಲ್ಲ, ಚೀಟಿ ಬದಲಾಗಲಿಲ್ಲ. ಸೀಟು ಮಾತ್ರ ಮೂರು ಸಲ ಬದಲಾಯಿತು. ಅಪ್ಪನ ಕ್ರಮವಾಗಲಿ ಅಣ್ಣನ ಕ್ರಮವಾಗಲಿ ತಪ್ಪು ಎಂದು ನಾನು ಹೇಳುವುದಿಲ್ಲ. ಯಾವ ಬ್ರಾಂಚ್ ಆದರೂ ಸರಿ, ಆ ಕಾಲೇಜೇ ಬೇಕು ಎನ್ನುವವರಿಗೆ ಅಪ್ಪನದೇ ಸರಿ. ಆದರೆ ಈ ಹುಡುಗಿಗೆ ಅದು ಬೇಕಿರಲಿಲ್ಲ ಅಲ್ವಾ?

ಈಗ ಆ ಹಳೇ ಭಯದ ಕ್ರಮ ನೋಡಿ. "ಹಾಸನ ಗ್ಯಾರಂಟಿ ಸಿಗುತ್ತೆ, ಅದನ್ನೇ 1ನೇ ಆಪ್ಷನ್ ಮಾಡೋಣ" ಎಂದರೆ ಹಾಸನದ ಕಂಪ್ಯೂಟರ್ ಬರುತ್ತದೆ ನಿಜ. ಅದು 5ನೇ ಜಾಗದಲ್ಲಿದ್ದರೂ, ಮೇಲಿನ ನಾಲ್ಕೂ ತಪ್ಪಿದರೆ ಅಷ್ಟೇ ಗ್ಯಾರಂಟಿಯಾಗಿ ಬರುತ್ತಿತ್ತು. ಮೇಲೆ ಇಟ್ಟದ್ದರಿಂದ ಮೈಸೂರಿನ ಸೀಟು ಸುಮ್ನೆ ಕೈಬಿಟ್ಟ ಹಾಗಾಯಿತು.

ಪಟ್ಟಿ ಎಷ್ಟು ಉದ್ದ ಇರಬೇಕು?

ಹೋದ ವರ್ಷದ ಕಟಾಫ್ ಈ ವರ್ಷ ಹಾಗೇ ಇರುವುದಿಲ್ಲ. ಸೀಟು ಹೆಚ್ಚಾಗಬಹುದು, ಹೊಸ ಬ್ರಾಂಚ್ ಬರಬಹುದು. ಹಾಗಾಗಿ ಅದನ್ನು ಕ್ರಮ ಮಾಡಲು ಬಳಸಬೇಡಿ, ಪಟ್ಟಿ ಸಾಕಷ್ಟು ಕೆಳಗೆ ಇಳಿದಿದೆಯಾ ಎಂದು ನೋಡಲು ಬಳಸಿ. 18,400ರ ಹುಡುಗಿಯ ಪಟ್ಟಿ 20,000ಕ್ಕೆ ನಿಂತುಬಿಟ್ಟರೆ ಅಪಾಯ. ಕಟಾಫ್ ಸ್ವಲ್ಪ ಬಿಗಿಯಾದರೆ ಪಟ್ಟಿ ಮುಗಿದುಹೋಗಿ, ಬೇರೆ ಕಡೆ ಸಾವಿರಾರು ಸೀಟು ಖಾಲಿ ಇದ್ದರೂ ಆ ಸುತ್ತಿನಲ್ಲಿ ಅವಳಿಗೆ ಏನೂ ಸಿಗುವುದಿಲ್ಲ. ಬರೆಯದೇ ಇರುವ ಕಾಲೇಜನ್ನು ಕಂಪ್ಯೂಟರ್ ತಾನಾಗಿ ಕೊಡುವುದಿಲ್ಲ. ಕೊನೆಯ ಕೆಲವು ಚೀಟಿಗಳು ತನ್ನ ರ‍್ಯಾಂಕಿಗಿಂತ ಬಹಳ ಹಿಂದೆ ಮುಗಿಯುವಂಥವಾಗಿರಲಿ. ಆದರೆ ಸಿಕ್ಕರೂ ಸೇರುವುದಿಲ್ಲ ಅನ್ನುವ ಚೀಟಿಯನ್ನು ಹರಿದು ಹಾಕಿ.

ಈಗ ಪರದೆಗೆ ಬನ್ನಿ. ಚೀಟಿಯ ಕ್ರಮದಂತೆ ಆಪ್ಷನ್ ಸಂಖ್ಯೆ ಹಾಕಿ, ಉಳಿಸಿ, ಪಟ್ಟಿಯ ಪ್ರಿಂಟ್ ತೆಗೆಯಿರಿ. ಒಬ್ಬರು ಪ್ರಿಂಟ್ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಚೀಟಿ ನೋಡಲಿ. 12 ಹೋಗಿ 21 ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಮಾಕ್ ಬಂದಾಗ

ಮೊದಲು ಬರುವುದು ಮಾಕ್ ಅಲಾಟ್ಮೆಂಟ್. ಅದರಲ್ಲಿ ಯಾರಿಗೂ ಸೀಟು ಕೊಡುವುದಿಲ್ಲ, ಇವತ್ತಿನ ಪಟ್ಟಿಗಳ ಪ್ರಕಾರ ಏನು ಸಿಗಬಹುದು ಎಂದು ತೋರಿಸುತ್ತಾರೆ ಅಷ್ಟೇ. ಅದಾದ ಮೇಲೆ ಆಪ್ಷನ್ ತಿದ್ದಲು ಅವಕಾಶ ಇರುತ್ತದೆ. ಮಾಕ್‌ನಲ್ಲಿ ಬಂದ ಸೀಟನ್ನು ಭದ್ರ ಮಾಡಿಕೊಳ್ಳಲು 1ನೇ ಜಾಗಕ್ಕೆ ತರಬೇಡಿ. ಬದಲಿಗೆ ಮನೆಯವರ ಮುಖ ನೋಡಿ. "ಅಯ್ಯೋ, ಇದಾ ಬಂದಿದ್ದು?" ಅನ್ನಿಸಿದರೆ ಕ್ರಮದಲ್ಲಿ ಎಲ್ಲೋ ಎಡವಟ್ಟಾಗಿದೆ. ಆ ಚೀಟಿಯನ್ನು ಅದರ ಕೆಳಗಿನ ಒಂದೊಂದರ ಜೊತೆಗೂ ಹಿಡಿದು ಮತ್ತೆ ಅದೇ ಪ್ರಶ್ನೆ ಕೇಳಿ.

ಎರಡನೇ ಸುತ್ತಿನ ಮುಂಚೆ

ಮೊದಲ ಸುತ್ತಿನಲ್ಲಿ ಸೀಟು ಬಂದವರು ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಛಾಯ್ಸ್-1 ಅಂದರೆ ಸೀಟು ಒಪ್ಪಿಕೊಂಡು ಸೇರುವುದು. ಛಾಯ್ಸ್-2 ಅಂದರೆ ಸೀಟು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಛಾಯ್ಸ್-3 ಅಂದರೆ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಛಾಯ್ಸ್-4 ಅಂದರೆ ಹೊರಗೆ ಬರುವುದು. ಶುಲ್ಕ ಯಾವಾಗ ಕಟ್ಟಬೇಕು, ಆಪ್ಷನ್ ಮತ್ತೆ ತಿದ್ದಬಹುದಾ ಎನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ.

ಮೈಸೂರಿನ ಎಲೆಕ್ಟ್ರಾನಿಕ್ಸ್ ಬಂದ ನಮ್ಮ ಹುಡುಗಿ ಛಾಯ್ಸ್-2 ಆರಿಸಿದಳು ಅನ್ನಿ. ಈಗ ಅವಳಿಗೆ ಉಳಿದದ್ದು ಮೇಲಿನ ಮೂರು ಚೀಟಿ ಮಾತ್ರ. ಕೆಳಗಿನವು ಲೆಕ್ಕಕ್ಕಿಲ್ಲ. ಮೆಡಿಕಲ್ ಸಿಕ್ಕವರು, ಐಐಟಿ, ಎನ್‌ಐಟಿ ಕಡೆ ಹೋದವರು ಬಿಟ್ಟ ಸೀಟುಗಳು ಸೇರಿ ಮೈಸೂರಿನ ಕಂಪ್ಯೂಟರ್ ಸೈನ್ಸ್ 18,600ರವರೆಗೆ ಇಳಿದರೆ ಅದು ಅವಳಿಗೆ ಬರುತ್ತದೆ. ಬಂದ ಕೂಡಲೇ ಎಲೆಕ್ಟ್ರಾನಿಕ್ಸ್ ಸೀಟು ಇನ್ನೊಬ್ಬರ ಪಾಲಾಗುತ್ತದೆ. "ಹಳೇದೇ ಸಾಕಿತ್ತು" ಎಂದು ಆಮೇಲೆ ಹೇಳುವ ಹಾಗಿಲ್ಲ.

ನನಗೆ ತುಂಬಾ ಬೇಜಾರು ತರಿಸುವ ತಪ್ಪು ನಡೆಯುವುದು ಇಲ್ಲೇ. ಮೇಲಿನ ಚೀಟಿಗಳ ನಡುವೆ ಯಾರೋ ಹೇಳಿದರು ಎಂದು ಸೇರಿಸಿದ, ಶುಲ್ಕ ಎರಡು ಪಟ್ಟು ಇರುವ, ಹಾಸ್ಟೆಲ್ ಇಲ್ಲದ ಯಾವುದೋ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಕೂತಿರುತ್ತದೆ. ಮೊದಲ ಸುತ್ತಿನಲ್ಲಿ ಅದು ಸಿಗದೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೇ ಸುತ್ತಿನಲ್ಲಿ ಅದೇ ಬಂದು, ಮನೆಯವರೆಲ್ಲ ಒಪ್ಪಿದ್ದ ಮೈಸೂರಿನ ಸೀಟು ಹೋಗುತ್ತದೆ. ಆದ್ದರಿಂದ ಛಾಯ್ಸ್-2 ಒತ್ತುವ ಮುಂಚೆ ಪ್ರಿಂಟ್ ತೆಗೆದು, ಸಿಕ್ಕ ಸೀಟಿನ ಮೇಲಿರುವ ಒಂದೊಂದು ಸಾಲಿಗೂ ಬೆರಳಿಟ್ಟು ಕೇಳಿ: ಇದು ಬಂದರೆ ಈಗಿರುವ ಸೀಟು ಬಿಟ್ಟು ನಿಜವಾಗಿ ಅಲ್ಲಿಗೆ ಹೋಗ್ತೀಯಾ? ಒಂದು ಸಾಲಿಗಾದರೂ "ಇಲ್ಲ" ಎಂದರೆ, ತೆಗೆಯಲು ಅವಕಾಶವಿದ್ದರೆ ಆ ಸಾಲನ್ನು ಮೊದಲು ತೆಗೆಯಿರಿ. ತೆಗೆಯಲು ಅವಕಾಶ ಇಲ್ಲದಿದ್ದರೆ, ಛಾಯ್ಸ್-1 ಆರಿಸಿ ಕೈಯಲ್ಲಿರುವ ಸೀಟಿಗೇ ಸೇರುವುದು ಒಳ್ಳೆಯದು.